ಏಳು ಮಂದಿಗೆ ಒಂದು ಕಾರು: ಮೊದಲು ಹಿಂದಿನ ಸೀಟಿನಲ್ಲಿ ಕುಳಿತು ನೋಡಿ

ಕಾರು ಕೊಳ್ಳುವ ಮಾತು ಮನೆಯಲ್ಲಿ ಎದ್ದಾಗ ಗಂಡಸರು ಇಂಜಿನ್, ಮೈಲೇಜು, ಬಣ್ಣ ಎಂದು ಚರ್ಚಿಸುತ್ತಾರೆ. ಆದರೆ ಸಹೋದರಿಯರೇ, ಮಗುವನ್ನು ಮಡಿಲಲ್ಲಿಟ್ಟುಕೊಂಡು, ಬುತ್ತಿಯ ಚೀಲವನ್ನು ಕಾಲಬುಡದಲ್ಲಿ ಇಟ್ಟುಕೊಂಡು ಹಿಂದೆ ಕೂರುವವರು ನೀವು. ಆದ್ದರಿಂದ ಈ ಚರ್ಚೆಯಲ್ಲಿ ನಿಮ್ಮ ಮಾತು ಕೊನೆಗೆ ಬರಬಾರದು, ಮೊದಲೇ ಬರಬೇಕು. ಏಳು ಸೀಟು ಎಂದು ಕಾಗದದಲ್ಲಿ ಬರೆದ ಮಾತ್ರಕ್ಕೆ ಆ ಗಾಡಿಯಲ್ಲಿ ಏಳು ಜನ ಒಂದು ಗಂಟೆ ನೆಮ್ಮದಿಯಾಗಿ ಕೂರಬಹುದೆಂದು ಅರ್ಥವಲ್ಲ.

ನಮ್ಮ ಬೀದಿಯ ಒಂದು ಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗಂಡ, ಹೆಂಡತಿ, ಮಂಡಿನೋವಿರುವ ದಾದಿ, ದಾದಾ, ಮೂವರು ಮಕ್ಕಳು. ಆಕೆಯ ತವರು ಮಳವಳ್ಳಿ, ನಾದಿನಿಯ ಮನೆ ಮದ್ದೂರು. ತಿಂಗಳಿಗೆ ಎರಡು ಸಲವಾದರೂ ಮಂಡ್ಯದಿಂದ ಮದ್ದೂರಿಗೆ, ಅಲ್ಲಿಂದ ಕೆ.ಎಂ. ದೊಡ್ಡಿಯ ಮೇಲೆ ಮಳವಳ್ಳಿಗೆ, ಅಲ್ಲಿಂದ ನೇರವಾಗಿ ಮಂಡ್ಯಕ್ಕೆ ಎಂಬ ಸುತ್ತು. ಒಟ್ಟು ಸುಮಾರು ಎಂಬತ್ತು ಕಿಲೋಮೀಟರ್. ಉಳಿದ ದಿನ ಶಾಲೆ, ಮಾರುಕಟ್ಟೆ, ಆಸ್ಪತ್ರೆ. ಇವರ ಮುಂದಿದ್ದ ಆಯ್ಕೆ ಎರಡು. ಎರ್ಟಿಗಾ, ಕ್ಯಾರೆನ್ಸ್, ಇನ್ನೋವಾದಂತಹ ಎಂಪಿವಿ, ಅಂದರೆ ಜನರನ್ನು ಕೂರಿಸುವುದಕ್ಕೆಂದೇ ತಗ್ಗಾಗಿ, ಉದ್ದವಾಗಿ ಕಟ್ಟಿದ ಗಾಡಿ. ಅಥವಾ ಸ್ಕಾರ್ಪಿಯೋ-ಎನ್, ಫಾರ್ಚೂನರ್‌ನಂತಹ ಎತ್ತರದ ದೊಡ್ಡ ಎಸ್‌ಯುವಿ.

ನೋಡಲು ದೊಡ್ಡದಾಗಿರುವ ಗಾಡಿಯ ಒಳಗೆ ಜಾಗವೂ ಹೆಚ್ಚಿರುತ್ತದೆ ಎಂದು ಯಾರಿಗೂ ಅನಿಸುತ್ತದೆ. ಇದು ಯಾವಾಗಲೂ ನಿಜವಲ್ಲ. ಸ್ಕಾರ್ಪಿಯೋ-ಎನ್, ಫಾರ್ಚೂನರ್ ಗಾಡಿಗಳ ಕೆಳಗೆ ಲಾರಿಗೆ ಇರುವಂತೆ ಉದ್ದಕ್ಕೆ ಎರಡು ಕಬ್ಬಿಣದ ತೊಲೆಗಳ ಚಾಸಿಸ್ ಇದೆ. ಅದರ ಮೇಲೆ ಬಾಡಿ ಕೂರುತ್ತದೆ. ಹಿಂದಿನ ಚಕ್ರಗಳನ್ನು ತಿರುಗಿಸುವ ಭಾರವಾದ ಆಕ್ಸಲ್ ಕೂಡ ಮೂರನೆಯ ಸಾಲಿನ ಕೆಳಗೇ ಬರುತ್ತದೆ. ಇವೆಲ್ಲದರ ಮೇಲೆ ನೆಲಹಾಸು ಬರುವುದರಿಂದ ನೆಲ ಎತ್ತರವಾಗುತ್ತದೆ, ಆದರೆ ಛಾವಣಿ ಅಷ್ಟೇ ಎತ್ತರಕ್ಕೆ ಏರುವುದಿಲ್ಲ. ಕೊನೆಗೆ ಸೀಟು ನೆಲಕ್ಕೆ ಹತ್ತಿರವಾಗಿ, ಕುಳಿತವರ ಮಂಡಿ ಎದೆಯತ್ತ ಏಳುತ್ತದೆ. ತೊಡೆಯ ಕೆಳಗೆ ಆಸರೆ ಇರುವುದಿಲ್ಲ. ಹತ್ತು ನಿಮಿಷ ಏನೂ ಅನಿಸದು. ಮದ್ದೂರು ದಾಟುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ.

ಎರ್ಟಿಗಾ, ಕ್ಯಾರೆನ್ಸ್‌ಗಳಲ್ಲಿ ಪ್ರತ್ಯೇಕ ಚಾಸಿಸ್ ಇಲ್ಲ, ಇಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಹಾಗಾಗಿ ನೆಲ ತಗ್ಗು, ಕಾಲು ಇಳಿಬಿಟ್ಟು ಕೂರಬಹುದು. ಇನ್ನೋವಾದ ವಿಚಾರ ಸ್ವಲ್ಪ ಬೇರೆ. ನಮ್ಮ ಇದೇ ಹೆದ್ದಾರಿಯ ಬದಿಯ ಬಿಡದಿಯಲ್ಲಿ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ತಯಾರಾಗತೊಡಗಿದವು. ಇನ್ನೋವಾ ಕ್ರಿಸ್ಟಾಗೆ ಚಾಸಿಸ್ ಇದ್ದರೂ ಜನ ಕೂರುವುದನ್ನೇ ಮುಖ್ಯವಾಗಿಟ್ಟು ಕಟ್ಟಿದ್ದರಿಂದ ಅದರ ಹಿಂದಿನ ಸಾಲು ನಿಜಕ್ಕೂ ಸೀಟು ಎನಿಸಿಕೊಳ್ಳುತ್ತದೆ. ಮದುವೆಯ ಬಾಡಿಗೆಗೆ ಎಲ್ಲರೂ ಇನ್ನೋವಾವನ್ನೇ ಕೇಳುವುದು ಸುಮ್ಮನೆ ಅಲ್ಲ.

ಹತ್ತುವುದು ಇನ್ನೊಂದು ಮಾತು. ದಾದಿಯನ್ನು ಶೋರೂಮಿಗೆ ಕರೆದುಕೊಂಡು ಹೋಗಿ. ಎತ್ತರದ ಗಾಡಿಗೆ ಮೊದಲು ಫುಟ್‌ಬೋರ್ಡ್ ಮೇಲೆ ಕಾಲಿಟ್ಟು, ಹಿಡಿಕೆ ಹಿಡಿದು ದೇಹವನ್ನು ಮೇಲಕ್ಕೆಳೆದುಕೊಳ್ಳಬೇಕು. ಬುರ್ಖಾದ ಅಂಚು ಅಥವಾ ಸೀರೆಯ ನೆರಿಗೆ ಚಪ್ಪಲಿಗೆ ಸಿಕ್ಕುವುದು ಇದೇ ಗಳಿಗೆಯಲ್ಲಿ. ಇಳಿಯುವಾಗ ಮಂಡಿಗೆ ಬೀಳುವ ಭಾರ ಇನ್ನೂ ಹೆಚ್ಚು. ತಗ್ಗಾದ ಎಂಪಿವಿಯಲ್ಲಿ ಕುರ್ಚಿಯಲ್ಲಿ ಕೂರುವ ಹಾಗೆ ಕುಳಿತು ಕಾಲನ್ನು ಒಳಗೆ ತಿರುಗಿಸಿಕೊಂಡರೆ ಆಯಿತು. ನಮ್ಮ ಬೀದಿಯ ಆ ದಾದಿ ಎಸ್‌ಯುವಿಯನ್ನು ಒಂದೇ ಸಲ ಹತ್ತಿ ಇಳಿದು, “ಬೇಟಾ, ಇದಕ್ಕೆ ಏಣಿಯನ್ನೂ ಕೊಡುತ್ತಾರೇನು?” ಎಂದು ಕೇಳಿದರಂತೆ. ಆ ಮನೆಯ ಅರ್ಧ ತೀರ್ಮಾನ ಅಲ್ಲಿಗೇ ಆಗಿಹೋಯಿತು.

ನೀವು ಪರೀಕ್ಷಿಸುವಾಗ ಹೀಗೆ ಮಾಡಿ. ಮೊದಲು ಮುಂದಿನ ಸೀಟನ್ನು ಓಡಿಸುವವರ ಕಾಲಿಗೆ ಸರಿಯಾಗಿ ಹಿಂದೆ ಸರಿಸಿ. ಆಮೇಲೆ ಮಧ್ಯದ ಸಾಲಿನಲ್ಲಿ ಮನೆಯ ಎತ್ತರದವರನ್ನು ಕೂರಿಸಿ. ಅದಾದ ನಂತರವೇ ಮೂರನೆಯ ಸಾಲಿಗೆ ನೀವು ಹೋಗಿ. ಅಂಗಡಿಯವರು ಮಧ್ಯದ ಸೀಟನ್ನು ಮುಂದಕ್ಕೆ ತಳ್ಳಿಟ್ಟೇ ಹಿಂದಿನ ಜಾಗ ತೋರಿಸುತ್ತಾರೆ. ಅದನ್ನು ನೋಡಿ ಒಪ್ಪಬೇಡಿ. ನಿಮ್ಮ ಮಂಡಿಗೂ ಮುಂದಿನ ಸೀಟಿಗೂ ನಡುವೆ ಒಂದು ಮುಷ್ಟಿ ಹಿಡಿಯಬೇಕು, ಪಾದ ಆ ಸೀಟಿನ ಕೆಳಗೆ ಹೋಗಬೇಕು, ತಲೆ ಛಾವಣಿಗೆ ತಾಗಬಾರದು. ಎಸಿ ಹಾಕಿಸಿ ಹತ್ತು ನಿಮಿಷ ಅಲ್ಲೇ ಇರಿ. ಹಿಂದಿನ ಸಾಲಿಗೆ ಗಾಳಿ ಬರುವ ಕಿಂಡಿ ಇದೆಯೋ, ಮುಂದಿನಿಂದ ಹರಿದು ಬರುವ ಗಾಳಿಯೇ ಗತಿಯೋ ಎಂಬುದು ಆಗ ತಿಳಿಯುತ್ತದೆ. ಮಧ್ಯದ ಸಾಲಿನಲ್ಲಿ ಎರಡು ಬಿಡಿ ಕುರ್ಚಿಗಳಿದ್ದರೆ ನೋಡಲು ಚೆಂದ, ಆದರೆ ಆಗ ಅದು ಆರು ಸೀಟಿನ ಗಾಡಿಯಾಗುತ್ತದೆ. ಎಕ್ಸ್‌ಎಲ್-6 ಅಂಥದ್ದು.

ಬೊಲೆರೊ, ಬೊಲೆರೊ ನಿಯೋ ಗಾಡಿಗಳಲ್ಲಿ ಹಿಂದಿನ ಸೀಟುಗಳು ಪಕ್ಕಕ್ಕೆ ಮುಖ ಮಾಡಿ ಎದುರುಬದುರಾಗಿವೆ. ಪಕ್ಕಕ್ಕೆ ಕುಳಿತ ಮಕ್ಕಳಿಗೆ ವಾಂತಿ ಬೇಗ ಬರುತ್ತದೆ. ಅಲ್ಲಿ ಬೆಲ್ಟ್ ಇಲ್ಲದಿದ್ದರೆ ಮಗುವನ್ನು ಕೂರಿಸಲೇಬೇಡಿ, ಇದರಲ್ಲಿ ರಾಜಿ ಬೇಡ.

ಎಂಪಿವಿಯಲ್ಲಿ ಕೊರತೆಯೇ ಇಲ್ಲವೆಂದಲ್ಲ. ಏಳು ಸೀಟನ್ನೂ ಎತ್ತಿ ನಿಲ್ಲಿಸಿದಾಗ ಎರ್ಟಿಗಾದ ಡಿಕ್ಕಿಯಲ್ಲಿ ಉಳಿಯುವುದು 209 ಲೀಟರ್ ಜಾಗ, ಎರಡು ಚಿಕ್ಕ ಬ್ಯಾಗು ಹಿಡಿಯುತ್ತವೆ ಅಷ್ಟೆ. ಸಿಎನ್‌ಜಿ ಸಿಲಿಂಡರ್ ಇರುವುದಾದರೆ ಅದೂ ಇಲ್ಲ. ನಾಲ್ಕು ಮೀಟರಿಗಿಂತ ಚಿಕ್ಕದಾದ ಟ್ರೈಬರ್‌ನಲ್ಲಿ ಉಳಿಯುವುದು 84 ಲೀಟರ್. (ಸ್ಕಾರ್ಪಿಯೋ-ಎನ್‌ನಲ್ಲೂ ಹಿಂದಿನ ಸೀಟು ಎತ್ತಿದರೆ ಸಾಮಾನಿಗೆ ಜಾಗ ಇಲ್ಲವೆಂದೇ ಹೇಳಬೇಕು.) ಇನ್ನೊಂದು, ಹಗುರ ಗಾಡಿ ಭಾರಕ್ಕೆ ತಗ್ಗುತ್ತದೆ. ಸುಮಾರು 1200 ಕಿಲೋ ತೂಕದ ಗಾಡಿಯ ಮೇಲೆ ಏಳು ಜನರ 400 ಕಿಲೋ ಬಿದ್ದರೆ ಹಿಂಭಾಗ ಕೆಳಗಿಳಿದು, ಊರೊಳಗಿನ ಹಂಪುಗಳಲ್ಲಿ ‘ಕರ್ರ್’ ಎಂದು ಹೊಟ್ಟೆ ಉಜ್ಜುತ್ತದೆ. ಟೈರಿನ ಗಾಳಿಯೂ ಕಡಿಮೆಯಿದ್ದರೆ ಕೇಳುವುದೇ ಬೇಡ. ಡ್ರೈವರ್ ಬಾಗಿಲು ತೆರೆದರೆ ಅಂಚಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಪೂರ್ತಿ ಭಾರಕ್ಕೆ ಬೇರೆ ಒತ್ತಡ ಬರೆದಿದ್ದರೆ ಹೊರಡುವ ಮುನ್ನ ಅಷ್ಟಕ್ಕೆ ಗಾಳಿ ಹಾಕಿಸಿ. ಹಂಪನ್ನು ನಿಧಾನವಾಗಿ ದಾಟಿಸಿ.

ಹಾಗಾದರೆ ಎಸ್‌ಯುವಿ ಯಾರಿಗೆ? ಕಬ್ಬಿನ ಗದ್ದೆಯ ಕಾಲುವೆ ಏರಿಯ ಮೇಲೆ ಮಳೆಗಾಲದಲ್ಲೂ ಹೋಗಬೇಕಾದವರಿಗೆ, ಕೊಳ್ಳೇಗಾಲ ದಾಟಿ ಘಟ್ಟದ ರಸ್ತೆಯಲ್ಲಿ ಪದೇ ಪದೇ ತುಂಬಿದ ಗಾಡಿ ಓಡಿಸುವವರಿಗೆ. ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ದಿನಗಳಲ್ಲಿ ಟ್ರ್ಯಾಕ್ಟರ್‌ಗಳ ಸಾಲನ್ನು ದಾಟುವಾಗ ದೊಡ್ಡ ಡೀಸೆಲ್ ಇಂಜಿನ್ನಿನ ಎಳೆತ ಅನುಕೂಲವೇ. ಆದರೆ ಈ ಅನುಕೂಲ ತಿಂಗಳಿಗೆ ಎಷ್ಟು ದಿನ ಬೇಕಾಗುತ್ತದೆ ಎಂದು ಎಣಿಸಿ ನೋಡಿ.

ಈಗ ಖರ್ಚು. ಇಂಧನದ ವ್ಯತ್ಯಾಸ ಎಲ್ಲರೂ ಹೆದರಿಸುವಷ್ಟು ದೊಡ್ಡದಲ್ಲ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುತ್ತೀರಿ, ಎಸಿ ಹಾಕಿ ಜನ ತುಂಬಿದಾಗ ಪೆಟ್ರೋಲ್ ಎಂಪಿವಿ ಲೀಟರಿಗೆ 15, ದೊಡ್ಡ ಡೀಸೆಲ್ ಎಸ್‌ಯುವಿ 11 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಪೆಟ್ರೋಲ್ 103, ಡೀಸೆಲ್ 91 ರೂಪಾಯಿಯಂತೆ ಒಂದಕ್ಕೆ ಸುಮಾರು 6,900, ಇನ್ನೊಂದಕ್ಕೆ 8,300 ರೂಪಾಯಿ. ತಿಂಗಳಿಗೆ 1,400 ವ್ಯತ್ಯಾಸ. ನಿಮ್ಮ ಊರಿನ ಇಂದಿನ ದರ ಹಾಕಿ ನೀವೇ ಲೆಕ್ಕ ಮಾಡಬಹುದು. ಟೋಲ್‌ನಲ್ಲಿ ಎರಡೂ ಕಾರಿನ ಸಾಲಿಗೇ ಸೇರುವುದರಿಂದ ಅಲ್ಲಿ ಭೇದವಿಲ್ಲ.

ನಿಜವಾದ ಹೊರೆ ಕೊಳ್ಳುವ ದಿನವೇ ಬೀಳುತ್ತದೆ. ಕರ್ನಾಟಕದ ಆಜೀವ ತೆರಿಗೆ ಗಾಡಿಯ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17, ಅದಕ್ಕೂ ಮೇಲಾದರೆ ಶೇ. 18. ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. 11 ಲಕ್ಷದ ಎಂಪಿವಿಗೆ ಇದು ಸುಮಾರು 2 ಲಕ್ಷ 8 ಸಾವಿರ, 18 ಲಕ್ಷದ ಎಸ್‌ಯುವಿಗೆ ಸುಮಾರು 3 ಲಕ್ಷ 40 ಸಾವಿರ. ಬೆಲೆ, ತೆರಿಗೆ ಸೇರಿ ಅಂತರ ಎಂಟು ಲಕ್ಷ ದಾಟುತ್ತದೆ. ಬಡ್ಡಿಯ ಸಾಲ ಬೇಡವೆಂದು ಕೂಡಿಟ್ಟ ಹಣದಲ್ಲೇ ಕೊಳ್ಳುವ ಮನೆಗಳಿಗೆ ಇದು ಬರೀ ಅಂಕಿಯಲ್ಲ, ಇನ್ನೂ ಕೆಲವು ವರ್ಷ ಕಾಯುವ ಮಾತು.

ಇಲ್ಲೊಂದು ಸೂಕ್ಷ್ಮವಿದೆ. ಹೆಚ್ಚಿನ ದರ 10 ಲಕ್ಷದ ಮೇಲಿನ ಹಣಕ್ಕೆ ಮಾತ್ರವಲ್ಲ, ಪೂರ್ತಿ ಬೆಲೆಗೆ ಬೀಳುತ್ತದೆ. 9 ಲಕ್ಷ 95 ಸಾವಿರದ ಗಾಡಿಗೂ 10 ಲಕ್ಷ 5 ಸಾವಿರದ ಗಾಡಿಗೂ ಬೆಲೆಯಲ್ಲಿ ಹತ್ತು ಸಾವಿರ ವ್ಯತ್ಯಾಸ, ತೆರಿಗೆಯಲ್ಲಿ ಸುಮಾರು 35 ಸಾವಿರ. ಒಂದು ಮೆಟ್ಟಿಲು ಮೇಲಿನ ಮಾದರಿ ಒಪ್ಪುವ ಮುನ್ನ ಆನ್‌ರೋಡ್ ಬೆಲೆಯ ಚೀಟಿ ಬರೆಸಿಕೊಳ್ಳಿ. ವಿಮೆಯಲ್ಲೂ ಇಂಜಿನ್ನಿನ ಗಾತ್ರ ನೋಡುತ್ತಾರೆ. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ 1000ದಿಂದ 1500 ಸಿಸಿಯೊಳಗಿನ ಕಾರಿಗೆ ವರ್ಷಕ್ಕೆ 3,416, ಅದಕ್ಕಿಂತ ದೊಡ್ಡದಕ್ಕೆ 7,897 ರೂಪಾಯಿ. ದೊಡ್ಡ ಚಕ್ರದ ಟೈರು, ಹೆಚ್ಚು ಇಂಜಿನ್ ಆಯಿಲ್, ಇವು ಮುಂದೆ ಬರುವ ಖರ್ಚುಗಳು.

ಡೀಸೆಲ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇರುತ್ತದೆ. ಗಾಡಿ ಬಿಸಿಯಾಗಿ ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿದಾಗ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಮಕ್ಕಳನ್ನು ಶಾಲೆಗೆ ಬಿಡಲು ಮೂರು ಕಿಲೋಮೀಟರ್, ಮಾರುಕಟ್ಟೆಗೆ ಎರಡು ಎಂದು ಮಂಡ್ಯದೊಳಗೇ ತಿರುಗುತ್ತಿದ್ದರೆ ಸುಡಲು ಅವಕಾಶವೇ ಸಿಗದೆ ಜಾಲರಿ ಕಟ್ಟಿಕೊಳ್ಳುತ್ತದೆ. ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ, ಎಳೆತ ಕುಗ್ಗುತ್ತದೆ. ದೀಪ ಕಂಡ ದಿನವೇ ಮದ್ದೂರಿನವರೆಗೆ ಹೆದ್ದಾರಿಯಲ್ಲಿ ಹೋಗಿ ಬಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಉದಾಸೀನ ಮಾಡಿದರೆ ವರ್ಕ್‌ಶಾಪಿನ ದೊಡ್ಡ ಬಿಲ್ಲು ಖಂಡಿತ. ಸಣ್ಣ ಓಡಾಟವೇ ಹೆಚ್ಚಿರುವ ಮನೆಗೆ ಪೆಟ್ರೋಲೇ ಸಾಕು.

ಆ ಮನೆಯವರು ಕೊನೆಗೆ ಪೆಟ್ರೋಲ್ ಎಂಪಿವಿಯನ್ನೇ ಆರಿಸಿದರು. ಮಧ್ಯದ ಸಾಲಿನಲ್ಲಿ ಬಾಗಿಲ ಬದಿಗೆ ದಾದಿ, ಆ ಬದಿಗೆ ದಾದಾ, ನಡುವೆ ಚಿಕ್ಕ ಮಗು. ಹಿಂದೆ ಇಬ್ಬರು ದೊಡ್ಡ ಮಕ್ಕಳು. ಸಾಮಾನು ಹೆಚ್ಚಿದ್ದ ದಿನ ಹಿಂದಿನ ಅರ್ಧ ಸೀಟು ಮಡಚಿ, ಒಬ್ಬ ಮಗನನ್ನು ಬಸ್ಸಿನಲ್ಲಿ ಕಳಿಸುತ್ತಾರೆ. ಅವನಿಗೂ ಅದೇ ಖುಷಿ, ಮದ್ದೂರಿನಲ್ಲಿ ಇಳಿದು ವಡೆ ತಿನ್ನಬಹುದಲ್ಲ!