ಎಣಿಕೆಯಲ್ಲಿ ಸಿಕ್ಕಿಬೀಳುವ ತಪ್ಪು

ಚೆಸ್ ಪ್ರೋಗ್ರಾಮಿನಲ್ಲಿ ನಿಯಮಬದ್ಧ ನಡೆಗಳನ್ನು ಪಟ್ಟಿಮಾಡುವ ಭಾಗ ಸರಿಯಿದೆಯೇ ಎಂದು ನೋಡುವ ವಿಧಾನಕ್ಕೆ ಪರ್ಫ್ಟ್ ಎಂದು ಹೆಸರು. ಇದರಲ್ಲಿ ಆಟ ಗೆಲ್ಲುವ ಮಾತೇ ಇಲ್ಲ, ಬರೀ ಎಣಿಕೆ. ಆರಂಭದ ಸ್ಥಿತಿಯಿಂದ ಒಂದು ನಡೆಗೆ 20 ದಾರಿ, ಎರಡಕ್ಕೆ 400, ಮೂರಕ್ಕೆ 8,902, ನಾಲ್ಕಕ್ಕೆ 1,97,281, ಐದಕ್ಕೆ 48,65,609.

ಹೊಸ ಪ್ರೋಗ್ರಾಮೊಂದು ನಾಲ್ಕರವರೆಗೆ ಸರಿಯಾಗಿ ಎಣಿಸಿ, ಐದರಲ್ಲಿ 48,65,351 ಎಂದಿತು ಎನ್ನೋಣ. ಕೊರತೆ 258. ಐದನೇ ನಡೆಯಲ್ಲಿ ಮೊದಲ ಬಾರಿಗೆ ಸಾಧ್ಯವಾಗುವ ಆನ್‌ಪಾಸಾಂ ಹೊಡೆತಗಳೂ ಅಷ್ಟೇ! ಎಲ್ಲ ತಪ್ಪುಗಳೂ ಹೀಗೆ ಗುರುತು ಬಿಟ್ಟುಹೋಗುವುದಿಲ್ಲ. ಆಗ ಮೊದಲ ನಡೆಗಳ ಲೆಕ್ಕವನ್ನು ಬಿಡಿಬಿಡಿಯಾಗಿ ಸ್ಟಾಕ್‌ಫಿಶ್‌ನಂಥ ನಂಬಿಕಸ್ಥ ಪ್ರೋಗ್ರಾಮಿನದರ ಜೊತೆ ಹೋಲಿಸಿ, ವ್ಯತ್ಯಾಸವಿರುವ ನಡೆಯನ್ನು ಆಡಿ, ಆಳವನ್ನು ಒಂದೊಂದಾಗಿ ಇಳಿಸುತ್ತ ಹೋಗಬೇಕು. ಕೊನೆಗೆ ಇಲ್ಲಿಗೆ ಬಂದು ನಿಲ್ಲಬಹುದು:

```
position startpos moves e2e4 a7a6 e4e5 d7d5
go perft 1
```

ಸ್ಟಾಕ್‌ಫಿಶ್ ಪಟ್ಟಿಯಲ್ಲಿ `e5d6` ಇದೆ, ಹೊಸದರಲ್ಲಿ ಇಲ್ಲ. ತಪ್ಪು ಸಿಕ್ಕಿತು.

ಮೊತ್ತ ಹೊಂದಿದರೂ ನಿರಾಳವಾಗುವಂತಿಲ್ಲ. ಒಂದು ನಡೆ ಬಿಟ್ಟುಹೋಗಿ ಇನ್ನೊಂದು ಹೆಚ್ಚಾಗಿದ್ದರೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಮೇಲಾಗಿ, ಆರಂಭದ ಸ್ಥಿತಿಯಿಂದ ಏಳನೇ ನಡೆಗೆ ಮುಂಚೆ ಕ್ಯಾಸ್ಲಿಂಗ್ ಸಾಧ್ಯವೇ ಇಲ್ಲ. ಅದಕ್ಕೆಂದೇ ಕಿವಿಪೀಟ್ ಎಂಬ ಗಿಜಿಗುಡುವ ಸ್ಥಿತಿಯನ್ನೂ ಬಳಸುತ್ತಾರೆ. ಅಲ್ಲಿ ಮೊದಲ ನಡೆಗೇ 48 ದಾರಿಗಳು, ಅವುಗಳಲ್ಲಿ ಎರಡು ಕ್ಯಾಸ್ಲಿಂಗ್.