ಬಿಲ್ಲಿನ ದರ ಬದಲಾದ ಮೇಲೆ ಯಾವ ಸಾಮಾನಿನಲ್ಲಿ ಎಷ್ಟು ಉಳಿಯಿತು?

ದಿನಸಿ ಅಂಗಡಿಯ ಲೆಕ್ಕದಲ್ಲಿ ಒಟ್ಟು ಮಾರ್ಜಿನ್ ಅಂದರೆ, ಒಂದು ಸಾಮಾನು ಮಾರಿ ಬಂದ ಹಣದಲ್ಲಿ ಅದರ ಅಸಲು ಕಳೆದು ಉಳಿಯುವ ಪಾಲು. ಬಾಡಿಗೆ, ಕರೆಂಟು, ಹುಡುಗರ ಸಂಬಳ ಎಲ್ಲವೂ ಹುಟ್ಟಬೇಕಾದದ್ದು ಈ ಪಾಲಿನಿಂದಲೇ. ಅಂಗಡಿಯ ಒಟ್ಟು ಮಾರ್ಜಿನ್ ಹತ್ತಿರ ಹತ್ತಿರ ಹೋದ ತಿಂಗಳಷ್ಟೇ ಇದ್ದರೂ ಒಳಗೆ ನಾಲ್ಕಾರು ಸಾಮಾನುಗಳು ಬರಿದೇ ಓಡುತ್ತಿರಬಹುದು. ಹಾಗಾಗಿ ಲೆಕ್ಕವನ್ನು ಸಾಮಾನಿನ ಮಟ್ಟಿಗೆ ಇಳಿಸಬೇಕಾಗುತ್ತದೆ. ಅದರಲ್ಲೂ ಸಗಟು ವ್ಯಾಪಾರಿ ದರ ಬದಲಿಸಿದ ವಾರದಲ್ಲಿ. 2024ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಕಚ್ಚಾ ಸೂರ್ಯಕಾಂತಿ, ಸೋಯಾ ಮತ್ತು ತಾಳೆ ಎಣ್ಣೆಗಳ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತು. ಅಂಥ ಏರಿಕೆ ಅಂಗಡಿಗೆ ತಲುಪುವುದು ಮುಂದಿನ ಬಿಲ್ಲಿನ ಒಂದು ಸಾಲಾಗಿ, ಸದ್ದಿಲ್ಲದೆ.

ಮೊದಲು ಬಗೆಹರಿಯಬೇಕಾದದ್ದು ಶೇಕಡ ಯಾವುದರ ಮೇಲೆ ಎಂಬುದು. 100 ರೂಪಾಯಿಗೆ ತಂದದ್ದನ್ನು 110ಕ್ಕೆ ಮಾರಿದವರು ‘ಹತ್ತು ಪರ್ಸೆಂಟ್ ಸಿಕ್ಕಿತು’ ಅನ್ನುವುದುಂಟು. ಅದು ಅಸಲಿನ ಮೇಲಿನ ಲೆಕ್ಕ. ಮಾರ್ಜಿನ್ ಎಣಿಸುವುದು ಮಾರಾಟದ ಬೆಲೆಯ ಮೇಲೆ: 10ನ್ನು 110ರಿಂದ ಭಾಗಿಸಿದರೆ ಶೇ 9.1 ಮಾತ್ರ. ಗುರಿ ಒಂದು ಲೆಕ್ಕದಲ್ಲಿ, ಫಲಿತಾಂಶ ಇನ್ನೊಂದು ಲೆಕ್ಕದಲ್ಲಿ ಇದ್ದರೆ ಮುಂದಿನದೆಲ್ಲ ತಪ್ಪು.

ಎರಡನೆಯದು ತೆರಿಗೆ. ಗಿರಾಕಿ ಕೊಡುವ ಹಣದಲ್ಲಿ ಸೇರಿರುವ ಜಿಎಸ್‌ಟಿ ಅಂಗಡಿಯದಲ್ಲ. ಶೇ 5ರ ತೆರಿಗೆಯ ಎಣ್ಣೆ ಪ್ಯಾಕೆಟ್ಟು 126ಕ್ಕೆ ಮಾರಿದರೆ ಅಂಗಡಿಗೆ ಸೇರುವುದು 120. ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುವುದರಿಂದ ಅಸಲನ್ನೂ ತೆರಿಗೆ ಬಿಟ್ಟೇ ಹಿಡಿಯಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಅಂಗಡಿಗೆ ಆ ಕ್ರೆಡಿಟ್ ಇಲ್ಲ. ಅಲ್ಲಿ ಬಿಲ್ಲಿನ ಪೂರ್ತಿ ಮೊತ್ತವೇ ಅಸಲು.

ಮೂರು ಸಾಮಾನು ತೆಗೆದುಕೊಂಡು ನೋಡಬಹುದು. ಅಂಕಿಗಳು ಲೆಕ್ಕ ತಿಳಿಯಲೆಂದು ಆರಿಸಿಕೊಂಡವು. ಸೂರ್ಯಕಾಂತಿ ಎಣ್ಣೆಯ ಒಂದು ಲೀಟರ್ ಪ್ಯಾಕೆಟ್ಟಿನ ಅಸಲು ಮೊದಲು 110.40 ಇತ್ತು. 120ರಲ್ಲಿ 9.60 ಉಳಿದರೆ ಶೇ 8. ಹೊಸ ಬಿಲ್ಲಿನಲ್ಲಿ ಅಸಲು 114 ಆಯಿತು. ಮಾರುವ ಬೆಲೆ ಹಾಗೇ ಇದ್ದರೆ ಉಳಿಯುವುದು 6 ರೂಪಾಯಿ, ಅಂದರೆ ಶೇ 5. ಅಸಲು ಏರಿದ್ದು ಶೇ 3ರ ಆಸುಪಾಸು. ಉಳಿತಾಯ ಕುಸಿದದ್ದು ಮೂರನೇ ಒಂದಕ್ಕಿಂತ ಹೆಚ್ಚು. ಎಣ್ಣೆಗೆ ಗುರಿ ಶೇ 7 ಎಂದಿದ್ದರೆ ಈ ಸಾಲಿಗೆ ಗುರುತು ಬೀಳಬೇಕು.

ತೊಗರಿಬೇಳೆಯ ಕಥೆ ಬೇರೆ. ಬಿಡಿಯಾಗಿ ಮಾರಲು ತಂದ 50 ಕೆ.ಜಿ. ಚೀಲಕ್ಕೆ ಜಿಎಸ್‌ಟಿ ಇಲ್ಲ. ಆದರೆ ಬಿಲ್ಲಿನ ದರವೇ ಅಸಲೂ ಅಲ್ಲ. ಚೀಲಕ್ಕೆ 7,000 ಇದ್ದದ್ದು 7,250 ಆಯಿತು ಅನ್ನೋಣ. ಕೆ.ಜಿ.ಗೆ 145 ಬಿತ್ತು, 160ಕ್ಕೆ ಮಾರಿದರೆ ಶೇ 9.4, ಗುರಿ ಶೇ 9 ಇರುವುದರಿಂದ ಚಿಂತೆಯಿಲ್ಲ ಎಂದು ಕಾಗದ ಹೇಳುತ್ತದೆ. ಆದರೆ ಚೀಲ ಅಂಗಡಿ ಸೇರುವಷ್ಟರಲ್ಲಿ ಹಮಾಲಿ ಮತ್ತು ಆಟೊ ಬಾಡಿಗೆ 50 ರೂಪಾಯಿ ಆಗಿರುತ್ತದೆ. ಹಸನು ಮಾಡುವಾಗ ಹೋದ ನುಚ್ಚು, ಧೂಳು, ಕಾಲು ಅರ್ಧ ಕೆ.ಜಿ. ತೂಗುವಾಗ ತಕ್ಕಡಿ ವಾಲಿದ ಕಾಳು, ಎಲ್ಲ ಸೇರಿ ಒಂದು ಕೆ.ಜಿ. ಕಳೆದರೆ ಮಾರಲು ಸಿಗುವುದು 49. ಈಗ 7,300ನ್ನು 49ರಿಂದ ಭಾಗಿಸಿದರೆ ನಿಜವಾದ ಅಸಲು 148.98, ಮಾರ್ಜಿನ್ ಶೇ 6.9. ಬಿಲ್ಲು ನೋಡಿ ಪಾಸಾದ ಸಾಮಾನು ತಕ್ಕಡಿ ನೋಡಿದ ಮೇಲೆ ನಪಾಸು. ಕೊರತೆ ಎಷ್ಟೆಂದು ಊಹಿಸುವುದಕ್ಕಿಂತ ಒಂದೆರಡು ಚೀಲ ಪೂರ್ತಿ ಖಾಲಿಯಾಗುವವರೆಗೆ ಮಾರಾಟದ ತೂಕ ಬರೆದಿಟ್ಟು ಕೂಡಿಸಿದರೆ ಗೊತ್ತಾಗುತ್ತದೆ.

ಮೂರನೆಯದು ಬಿಸ್ಕತ್ತು. ಇದರಲ್ಲಿ ದರ ಏರಿದ್ದೇ ಕಾಣುವುದಿಲ್ಲ. ತೆರಿಗೆ ಬಿಟ್ಟು ಪ್ಯಾಕಿಗೆ 36ರ ದರ, ಹನ್ನೆರಡಕ್ಕೆ ಒಂದು ಉಚಿತ ಎಂಬ ಸ್ಕೀಮು. 432 ರೂಪಾಯಿಗೆ ಹದಿಮೂರು ಬಂದರೆ ಒಂದರ ಅಸಲು 33.23. ಎಂಆರ್‌ಪಿ 42, ಶೇ 5ರ ತೆರಿಗೆ ಕಳೆದು ಕೈಗೆ ಬರುವುದು 40, ಮಾರ್ಜಿನ್ ಶೇ 16.9. ಸ್ಕೀಮು ನಿಂತ ತಿಂಗಳೂ ಬಿಲ್ಲಿನಲ್ಲಿ ಅದೇ 36 ಇರುತ್ತದೆ, ಮಾರ್ಜಿನ್ ಮಾತ್ರ ಶೇ 10ಕ್ಕೆ ಇಳಿದಿರುತ್ತದೆ. ಹಾಗಾಗಿ ಅಸಲಿನ ಕಾಲಮ್ಮಿಗೆ ಬಿಲ್ಲಿನ ದರ ಬರೆಯದೆ, ಕೊಟ್ಟ ಹಣವನ್ನು ಬಂದ ಸಂಖ್ಯೆಯಿಂದ ಭಾಗಿಸಿ ಬರೆಯಬೇಕು.

ಎಕ್ಸೆಲ್ ಹಾಳೆಯಲ್ಲಿ A ಕಾಲಮ್ಮಿಗೆ ಸಾಮಾನಿನ ಹೆಸರು, B ನಿಜವಾದ ಅಸಲು, C ಗಿರಾಕಿ ಕೊಡುವ ಬೆಲೆ, D ಜಿಎಸ್‌ಟಿ ದರ, E ಗುರಿ. ಮುಂದಿನ ಮೂರು ಕಾಲಮ್ಮುಗಳಾದ F, G, Hಗಳಿಗೆ ಈ ಸೂತ್ರಗಳು ಸಾಕು:

```
=1-B2/(C2/(1+D2))
=IF(F2<E2,"ಗುರಿಗಿಂತ ಕಡಿಮೆ","")
=ROUNDUP(B2/(1-E2)*(1+D2),0)
```

ಮೊದಲನೆಯದು ಮಾರ್ಜಿನ್, ಎರಡನೆಯದು ಗುರುತು. ಮೂರನೆಯದು ಗುರಿ ಮುಟ್ಟಲು ಬೇಕಾದ ಬೆಲೆಯನ್ನು ಪೂರ್ಣ ರೂಪಾಯಿಗೆ ಏರಿಸಿ ತೋರಿಸುತ್ತದೆ: ಎಣ್ಣೆಗೆ 129, ಬೇಳೆಗೆ 164, ಬಿಸ್ಕತ್ತಿಗೆ, ಗುರಿ ಶೇ 12 ಇದ್ದರೆ, 43. ಅಸಲಿಗೆ ಶೇ 7 ಕೂಡಿಸಿದರೆ ಎಣ್ಣೆಗೆ ಸರಿಯಾದ ಬೆಲೆ ಬರುವುದಿಲ್ಲ, 0.93ರಿಂದ ಭಾಗಿಸಬೇಕು. ಹಾಳೆ ತಪ್ಪಿದ್ದು ಗೊತ್ತಾಗುವ ಲಕ್ಷಣಗಳೂ ಇವೆ. ಮಾರ್ಜಿನ್ 100% ಎಂದು ಕಂಡರೆ ಅಸಲಿನ ಖಾನೆ ಖಾಲಿ. ಎಲ್ಲ ಸಾಲಿಗೂ ಗುರುತು ಬಿದ್ದರೆ 7% ಎನ್ನುವ ಬದಲು 7 ಎಂದು ಟೈಪಾಗಿರಬಹುದು. ಗುರಿಯ ಖಾನೆ ಖಾಲಿಯಿದ್ದ ಸಾಮಾನಿಗೆ ನಷ್ಟವಾಗುವವರೆಗೂ ಗುರುತೇ ಬೀಳುವುದಿಲ್ಲ, ಇದು ಎಲ್ಲಕ್ಕಿಂತ ಮೋಸದ ತಪ್ಪು.

ಹಳೇ ದರದಲ್ಲಿ ತಂದ ಎಣ್ಣೆ ಇನ್ನೂ ಮೂವತ್ತು ಪ್ಯಾಕೆಟ್ಟು ಉಳಿದಿದ್ದರೆ ಯಾವ ಅಸಲು ಹಿಡಿಯಬೇಕೆಂಬುದು ಸದಾ ಏಳುವ ಜಗಳ. ಲೆಕ್ಕಪುಸ್ತಕಕ್ಕೆ ಕೊಟ್ಟ ಹಣವೇ ಅಸಲು. ಗುರುತು ಹಾಕುವ ಹಾಳೆಗೆ ಹೊಸ ದರವೇ ಸರಿ, ಏಕೆಂದರೆ ಮಾರಿ ಹೋದ ಪ್ಯಾಕೆಟ್ಟಿನ ಜಾಗಕ್ಕೆ ಮುಂದಿನದು ಬರುವುದು 114ಕ್ಕೇ. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಬೆರೆಸಿದರೆ ಯಾವುದೂ ನಂಬಲು ಬರುವುದಿಲ್ಲ.

ಗುರುತು ಬಿದ್ದದ್ದೆಲ್ಲ ಒಂದೇ ತೂಕದ್ದಲ್ಲ. ಗುರಿಗೂ ಮಾರ್ಜಿನ್ನಿಗೂ ಇರುವ ಅಂತರವನ್ನು ತಿಂಗಳ ಮಾರಾಟದಿಂದ ಗುಣಿಸಿದರೆ ಯಾವುದನ್ನು ಮೊದಲು ಮುಟ್ಟಬೇಕೆಂದು ತಿಳಿಯುತ್ತದೆ. ತಿಂಗಳಿಗೆ 300 ಪ್ಯಾಕೆಟ್ಟು ಹೋಗುವ ಎಣ್ಣೆಯಲ್ಲಿ 720 ರೂಪಾಯಿ, 200 ಕೆ.ಜಿ. ಬೇಳೆಯಲ್ಲಿ ಸುಮಾರು 675, ಅರವತ್ತು ಪ್ಯಾಕು ಬಿಸ್ಕತ್ತಿನಲ್ಲಿ ಬರೀ 48. ಸಕ್ಕರೆಯಂಥದ್ದನ್ನು ಗಿರಾಕಿ ಬರಲೆಂದು ಬೇಕೆಂದೇ ಕಡಿಮೆಗೆ ಮಾರುವುದಿದ್ದರೆ ಅದಕ್ಕೆ ಗುರಿಯನ್ನೇ ಕೆಳಗಿಡುವುದು ವಾಸಿ. ಇಲ್ಲದಿದ್ದರೆ ಪ್ರತಿ ವಾರ ಅದೇ ಗುರುತು ನೋಡಿ ನೋಡಿ ಕಣ್ಣು ಮಂಜಾಗುತ್ತದೆ.

ಎಣ್ಣೆಯ ಎಂಆರ್‌ಪಿ 135 ಇದ್ದರೆ 129ಕ್ಕೆ ಏರಿಸಲು ಜಾಗವಿದೆ. ಬಿಡಿ ಬೇಳೆಗೆ ಎಂಆರ್‌ಪಿಯ ಕಟ್ಟಿಲ್ಲ. ಪಕ್ಕದ ಅಂಗಡಿಯ ದರವೇ ಅದಕ್ಕೆ ಮಿತಿ. ಬಿಸ್ಕತ್ತಿಗೆ ಮಾತ್ರ ಹಾಳೆ ಕೇಳುವ 43 ಕಾನೂನಿಗೆ ಒಗ್ಗದು, ಎಂಆರ್‌ಪಿ ಮೀರಿ ಮಾರುವುದು ಅಪರಾಧ. ಅಲ್ಲಿ ಲೆಕ್ಕವನ್ನು ತಿರುಗಿಸಿ ಹಾಕಬೇಕು: 40ನ್ನು 0.88ರಿಂದ ಗುಣಿಸಿದರೆ 35.20. ಪ್ಯಾಕಿಗೆ 80 ಪೈಸೆ ಬಿಡಿ ಎಂದು ಸಗಟಿನವರನ್ನು ಕೇಳಬಹುದು. ಅವರು ಒಪ್ಪದಿದ್ದರೆ ಶೇ 10ಕ್ಕೇ ಮಾರಬೇಕು, ಇಲ್ಲವೇ ಆ ತಟ್ಟೆಯ ಜಾಗಕ್ಕೆ ಬೇರೆ ಬಿಸ್ಕತ್ತು ತರಬೇಕು.