ಉದ್ದ ಹೆಸರು, ಪುಟ್ಟ ಕಾರ್ಡು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಮಕ್ಕಳ ಆರತಕ್ಷತೆಯನ್ನು ಹೋಟೆಲಿನ ಹಾಲ್‌ನಲ್ಲಿ ಇಟ್ಟುಕೊಂಡರೆ, ಊರಿನ ಪಂಕ್ತಿಯಂತೆ ಖಾಲಿ ಎಲೆ ಕಂಡಲ್ಲಿ ಕೂರಲಾಗುವುದಿಲ್ಲ. ಐದಡಿ ಅಗಲದ ದುಂಡು ಮೇಜಿಗೆ ಎಂಟು ಜನ, ಆರಡಿಯದಕ್ಕೆ ಹತ್ತು ಜನ ಎಂದು ಲೆಕ್ಕ ಹಾಕಿ, ಯಾರು ಯಾವ ಮೇಜಿಗೆ ಎಂಬ ಪಟ್ಟಿಯನ್ನು ಬಾಗಿಲಲ್ಲಿ ನಿಲ್ಲಿಸುತ್ತಾರೆ. ತಟ್ಟೆಯ ಮುಂದೆ ಮಡಚಿ ನಿಲ್ಲಿಸಿದ ಹೆಸರಿನ ಕಾರ್ಡು ಇರುತ್ತದೆ.

ಮಡಚಿದ ಮೇಲೆ ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರ ಇರುವ ಕಾರ್ಡೇ ಹೆಚ್ಚು ಬಳಕೆಯಲ್ಲಿದೆ. ಎರಡೂ ಅಂಚಿನಲ್ಲಿ ಒಂದೊಂದು ಸೆಂಟಿಮೀಟರ್ ಬಿಟ್ಟರೆ ಹೆಸರಿಗೆ ಉಳಿಯುವುದು ಸುಮಾರು 69 ಮಿಲಿಮೀಟರ್. ಇಷ್ಟರಲ್ಲಿ ‘ಆದ್ಯ’ ಎಷ್ಟು ದೊಡ್ಡದಾಗಿಯೂ ಕೂರುತ್ತದೆ. ‘ಲಕ್ಷ್ಮೀನರಸಿಂಹಯ್ಯ’ ಎಂಬ ಹೆಸರು ಇಂಗ್ಲಿಷಿನಲ್ಲಿ 19 ಅಕ್ಷರ. 24 ಪಾಯಿಂಟಿನಲ್ಲಿ ಒಂದು ಅಕ್ಷರಕ್ಕೆ ಸರಾಸರಿ ನಾಲ್ಕು ಮಿಲಿಮೀಟರಿಗಿಂತ ತುಸು ಹೆಚ್ಚು ಬೇಕು. ಹೆಸರು 80 ಮಿಲಿಮೀಟರ್ ದಾಟುತ್ತದೆ. 20 ಪಾಯಿಂಟಿಗೆ ಇಳಿಸಿದರೆ 67ರ ಆಸುಪಾಸಿಗೆ ಬಂದು ಹಿಡಿಸುತ್ತದೆ.

ಇಲ್ಲಿ ಬಹಳಷ್ಟು ಜನ ಸುಲಭದ ದಾರಿ ಹಿಡಿಯುತ್ತಾರೆ: ಹೆಸರು ಹಿಡಿಸದಿದ್ದಾಗ ತಾನೇ ಅಕ್ಷರ ಕುಗ್ಗಿಸುವಂತೆ ಸಾಫ್ಟ್‌ವೇರಿಗೆ ಹೇಳಿಬಿಡುತ್ತಾರೆ. ಆಗ ಪ್ರತಿ ಕಾರ್ಡಿನ ಅಕ್ಷರವೂ ಒಂದೊಂದು ಗಾತ್ರ. ನಮ್ಮಲ್ಲಿ ಉದ್ದ ಹೆಸರು ಹೆಚ್ಚಾಗಿರುವುದು ಅಜ್ಜ ಅಜ್ಜಿಯರ ತಲೆಮಾರಿನಲ್ಲಿ. ಹಾಗಾಗಿ ಮೊಮ್ಮಗಳ ಹೆಸರು ದೊಡ್ಡದಾಗಿ ಮೆರೆದು, ಕಣ್ಣು ಮಂಜಾದ ಹಿರಿಯರ ಹೆಸರೇ ತೀರಾ ಸಣ್ಣದಾಗುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ. ಅತಿ ಉದ್ದದ ಹೆಸರು ಯಾವ ಗಾತ್ರದಲ್ಲಿ ಹಿಡಿಸುತ್ತದೋ ಅದೇ ಎಲ್ಲರ ಗಾತ್ರವಾಗಲಿ. ಇನಿಶಿಯಲ್ ಇದ್ದರೆ ಮೇಲಿನ ಸಾಲಿಗೆ ಹಾಕಿ. ಹೆಸರನ್ನು ನಡುವೆ ತುಂಡರಿಸಬೇಡಿ.

ಕನ್ನಡದಲ್ಲೇ ಅಚ್ಚು ಹಾಕಿಸುವವರು ಅಗಲಕ್ಕಿಂತ ಎತ್ತರದ ಕಡೆ ಗಮನ ಕೊಡಬೇಕು. ‘ಕ್ಷ್ಮೀ’ಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. ಇಂಗ್ಲಿಷಿಗೆಂದು ಬಿಗಿಯಾಗಿ ಗೊತ್ತುಮಾಡಿದ ಸಾಲಿನ ಎತ್ತರವನ್ನು ಹಾಗೇ ಬಿಟ್ಟರೆ ಒತ್ತಿನ ಬಾಲ ಕತ್ತರಿಸಿಹೋಗಬಹುದು. ಹೆಸರು ಇಡೀ ಹಾಳೆಯ ನಡುವೆ ಬಂದರೂ ಕೆಲಸ ಕೆಟ್ಟಂತೆಯೇ, ಏಕೆಂದರೆ ಅಲ್ಲಿ ಬರುವುದು ಮಡಿಕೆ. ಹೆಸರು ಕೆಳಗಿನ ಅರ್ಧದ ನಡುವೆ ಕೂರಬೇಕು. ದಪ್ಪ ಕಾಗದವನ್ನು ಮೊದಲು ಮೊಂಡು ಅಲಗಿನಿಂದ ಗೀರಿಯೇ ಮಡಚಬೇಕು, ಇಲ್ಲದಿದ್ದರೆ ಮಡಿಕೆ ಬಿರಿಯುತ್ತದೆ.

ಬಾಗಿಲ ಪಟ್ಟಿಯನ್ನು ಮೇಜಿನ ಕ್ರಮದಲ್ಲಿ ಬರೆದರೆ ಪ್ರತಿಯೊಬ್ಬರೂ ಎಲ್ಲ ಮೇಜುಗಳನ್ನೂ ಓದುತ್ತಾ ನಿಲ್ಲಬೇಕಾಗುತ್ತದೆ. ಅಕಾರಾದಿಯಾಗಿ ಹೆಸರು, ಎದುರಿಗೆ ಮೇಜಿನ ಸಂಖ್ಯೆ ಇದ್ದರೆ ಜನ ಬೇಗ ಸರಿಯುತ್ತಾರೆ. ಪಟ್ಟಿಗೂ ಕಾರ್ಡಿಗೂ ಒಂದೇ ಎಕ್ಸೆಲ್ ಹಾಳೆಯಿಂದ ಹೆಸರು ತೆಗೆದುಕೊಳ್ಳಿ. ಕೊನೇ ಗಳಿಗೆಯಲ್ಲಿ ಬರುವ ನೆಂಟರಿಗೆಂದು ಕೆಲವು ಖಾಲಿ ಕಾರ್ಡು ಮಡಚಿಡಿ.

ಅಚ್ಚಿಗೆ ಕೊಡುವ ಮುನ್ನ ಅತಿ ಉದ್ದದ ಹೆಸರಿನ ಒಂದೇ ಕಾರ್ಡು ಮಾಡಿ, ಮೇಜಿನ ಮೇಲಿಟ್ಟು, ಮನೆಯ ಹಿರಿಯರೊಬ್ಬರನ್ನು ಕುರ್ಚಿಯ ಹಿಂದೆ ನಿಂತು ಓದಲು ಹೇಳಿ. ಅವರು ತಡವರಿಸದೆ ಓದಿದರೆ ಉಳಿದದ್ದನ್ನೂ ಅಚ್ಚಿಗೆ ಕಳಿಸಬಹುದು.